ಸಾಲದ ಬೀರುವಿನ ಬೀಗದ ಕೈ

ಕೊಳ್ಳೇಗಾಲದ ನಮ್ಮ ಬ್ಯಾಂಕಿನ ಶಾಖೆಯಲ್ಲಿ ಠೇವಣಿ ಮೇಲಿನ ಸಾಲದ ಮೇಜು ನನ್ನದಾಗಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗಾಗ ಮೂವತ್ತೂ ತುಂಬಿರಲಿಲ್ಲ, ಮೂಗಿನ ತುದಿಯಲ್ಲೇ ಕೋಪ. ಕೆಲಸ ಮಾತ್ರ ಅಚ್ಚುಕಟ್ಟು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೆಲಸ ಕಷ್ಟದ್ದೇನಲ್ಲ. ಒಬ್ಬರು ನಾಲ್ಕು ಸಾವಿರ ಠೇವಣಿ ಇಟ್ಟಿದ್ದರೆ ನಾಲ್ಕನೇ ಒಂದು ಭಾಗವನ್ನು ಮಾರ್ಜಿನ್ ಎಂದು ಬಿಟ್ಟು ಮೂರು ಸಾವಿರದವರೆಗೆ ಸಾಲ ಕೊಡುವುದು. ಠೇವಣಿಗೆ ನಾವು ಕೊಡುವ ಬಡ್ಡಿಗಿಂತ ನೂರಕ್ಕೆ ಎರಡು ಹೆಚ್ಚಿಗೆ ಸಾಲದ ಬಡ್ಡಿ ಹಾಕುವುದು. ಠೇವಣಿ ರಸೀದಿಯ ಬೆನ್ನಿಗೆ ರೆವಿನ್ಯೂ ಸ್ಟಾಂಪಿನ ಮೇಲೆ ರುಜು ಹಾಕಿಸಿಕೊಂಡು, ಅದನ್ನು ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕುವುದು. ಠೇವಣಿ ಲೆಡ್ಜರಿನ ಆ ಪುಟದಲ್ಲಿ ಕೆಂಪು ಶಾಯಿಯಲ್ಲಿ 'ಲೀನ್' ಎಂದು ಬರೆಯುವುದು. ಅಂದರೆ ಈ ದುಡ್ಡು ಸಾಲಕ್ಕೆ ಕಟ್ಟುಬಿದ್ದಿದೆ, ಯಾರಿಗೂ ಕೊಡಕೂಡದು. ಸಾಲ ತೀರಿದ ದಿನ ಆ ಕೆಂಪಕ್ಷರವನ್ನು ಹೊಡೆದುಹಾಕಿ, ಅಕೌಂಟೆಂಟರ ಸಹಿ ಹಾಕಿಸಿ, ರಸೀದಿಯನ್ನು ಯಜಮಾನರ ಕೈಗೆ ವಾಪಸು ಕೊಡುವುದು. ಅಷ್ಟೇ.

ಹನೂರು ಕಡೆಯ ಶಾಗ್ಯ ಎಂಬ ಹಳ್ಳಿಯ ಒಬ್ಬ ಹೆಂಗಸು ತನ್ನ ಗಂಡನ ಸಾಲ ತೀರಿಸಲು ಬಂದದ್ದು ಸಂತೆಯ ದಿನ. ಗಂಡ ತನ್ನ ನಾಲ್ಕು ಸಾವಿರದ ಠೇವಣಿ ಮೇಲೆ ಪಂಪ್‌ಸೆಟ್ಟಿಗೆಂದು ಮೂರು ಸಾವಿರ ತೆಗೆದಿದ್ದ, ರಸೀದಿಯ ಬೆನ್ನಿಗೆ ಹೆಬ್ಬೆಟ್ಟು ಒತ್ತಿದ್ದ. ಈಗ ರೇಷ್ಮೆಗೂಡು ಮಾರಿದ ದುಡ್ಡನ್ನು ಆಕೆ ಸೆರಗಿನ ಗಂಟಿನಿಂದ ಬಿಚ್ಚಿದಳು. ಬಡ್ಡಿ ಲೆಕ್ಕ ಹಾಕಿದೆ, ಪೈಸೆ ಸಹಿತ ಕಟ್ಟಿಸಿಕೊಂಡೆ, ಕ್ಯಾಶ್ ಚೀಟಿ ಕೊಟ್ಟೆ. ಕೌಂಟರಿನ ಮುಂದೆ ಜನ ಇರುವೆ ಮುತ್ತಿದಂತೆ ಮುತ್ತಿದ್ದರು.

"ರಸೀತಿ ಕೊಡಿ ಸಾ, ಬಸ್ಸು ಒಂಟೋಯ್ತದೆ," ಅಂದಳು.

"ಮುಂದಿನ ವಾರ ಬನ್ನಿ ತಾಯಿ, ನಿಮ್ಮ ರಸೀದಿ ಎಲ್ಲೂ ಓಡಿಹೋಗಲ್ಲ," ಅಂದೆ.

ನಂಬಿ ಹೋದಳು. ಮುಂದಿನ ವಾರ ಬರಲಿಲ್ಲ. ನನಗೂ ಮರೆತುಹೋಯಿತು. ಸಾಲದ ಲೆಡ್ಜರಿನಲ್ಲಿ ಬಾಕಿ ಸೊನ್ನೆ. ಠೇವಣಿ ಲೆಡ್ಜರಿನಲ್ಲಿ ಕೆಂಪಕ್ಷರ ಹಾಗೇ ಕೂತಿತ್ತು.

ಅರ್ಧವರ್ಷದ ಲೆಕ್ಕ ಮುಗಿಸುವಾಗ ಸಾಲಗಳ ಸ್ಟೇಟ್‌ಮೆಂಟ್ ತಯಾರಿಸಿ ತಾಳೆ ನೋಡಬೇಕು. ಒಂದು ಶುಕ್ರವಾರ ಮಧ್ಯಾಹ್ನ ಅದನ್ನು ಹಿಡಿದು ಕೂತೆ. ಸಾಲ ಮತ್ತು ಏರಿದ ಬಡ್ಡಿ ಸೇರಿ ಠೇವಣಿಯನ್ನು ಮುಟ್ಟುತ್ತಿದೆಯೇ, ಮಾರ್ಜಿನ್ ಉಳಿದಿದೆಯೇ ಎಂದು ಒಂದೊಂದೇ ಸಾಲು ನೋಡಿದೆ. ಕೊನೆಗೆ ಎಣಿಸಿದರೆ ಸ್ಟೇಟ್‌ಮೆಂಟಿನಲ್ಲಿರುವ ಸಾಲಗಳಿಗಿಂತ ಠೇವಣಿ ಲೆಡ್ಜರಿನಲ್ಲಿ ಒಂದು ಲೀನ್ ಜಾಸ್ತಿ. ಹುಡುಕಿದೆ. ಶಾಗ್ಯದವನದು. ನನ್ನದೇ ಅಕ್ಷರ. ಅಯ್ಯೋ, ಇದೇನು ದೊಡ್ಡ ವಿಷಯ, ಅಕೌಂಟೆಂಟರ ಮುಂದಿಟ್ಟರೆ ಎರಡು ನಿಮಿಷ ಎಂದುಕೊಂಡು ಲೀನ್ ತೆಗೆಯಲು ಚೀಟಿ ಬರೆದೆ.

ಅಷ್ಟರಲ್ಲಿ ಅಕೌಂಟೆಂಟರೇ ಸ್ಟೇಟ್‌ಮೆಂಟಿನ ಮೊದಲ ಹಾಳೆ ಹಿಡಿದು ಬಂದರು. ಒಬ್ಬ ವ್ಯಾಪಾರಿಯ ಠೇವಣಿ ನವೀಕರಿಸಿದಾಗ ಬಡ್ಡಿ ಆರೂವರೆಯಿಂದ ಏಳಕ್ಕೆ ಏರಿತ್ತು. ಸಾಲದ ಬಡ್ಡಿಯನ್ನು ಒಂಬತ್ತಕ್ಕೆ ಏರಿಸದೆ ಎಂಟೂವರೆಯಲ್ಲೇ ಬಿಟ್ಟಿದ್ದೆ. ಎರಡರ ಅಂತರ ಒಂದೂವರೆಗೆ ಇಳಿದಿತ್ತು.

"ಏನ್ರೀ ಇದು? ಬ್ಯಾಂಕು ನಿಮ್ಮ ಮಾವನ ಮನೆಯೇನ್ರೀ? ಅರ್ಧ ಪರ್ಸೆಂಟು ಯಾರಪ್ಪನ ಗಂಟು?"

ಜನರೆದುರಿಗೆ ಅಂದರು. ಅವರು ಹೇಳಿದ್ದು ಸರಿ, ಅದೇ ನನಗೆ ಉರಿ ಹತ್ತಿಸಿತು. ಇವತ್ತು ಇವರಿಗೆ ಇನ್ನೊಂದು ತಪ್ಪು ನಾನೇ ಒಯ್ದು ಕೊಡಬೇಕೆ, ಕೊಡೋದಿಲ್ಲ, ಏನು ಮಾಡ್ತಾರೋ ಮಾಡಲಿ ಎಂದುಕೊಂಡೆ. ಚೀಟಿಯನ್ನು ಸಾಲದ ಲೆಡ್ಜರಿನೊಳಗೆ ತುರುಕಿ, ಲೆಡ್ಜರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ರಜೆಚೀಟಿ ಬರೆದು ಅವರ ಮೇಜಿನ ಮೇಲೆ ಕುಕ್ಕಿ, ಸಂಜೆಯ ಬಸ್ಸಿಗೆ ಯಳಂದೂರಿಗೆ, ನಿಜವಾಗಿಯೂ ಮಾವನ ಮನೆಗೇ ಹೋದೆ. ಸಾಲದ ಬೀರುವಿನ ಬೀಗದ ಕೈ ಅಂಗಿಯ ಜೇಬಿನಲ್ಲೇ ಇತ್ತು. ರಾತ್ರಿ ಊಟಕ್ಕೆ ಕೂತಾಗ ಅದು ಕೈಗೆ ತಗುಲಿತು. ನಾಳೆ ಅರ್ಧ ದಿನ ತಾನೇ, ಒದ್ದಾಡಲಿ ಬಿಡು ಎಂದು ಒಂಥರಾ ಖುಷಿಯೇ ಆಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಶನಿವಾರ ನಡೆದದ್ದನ್ನು ನನಗೆ ಸೋಮವಾರ ಹೇಳಿದವನು ಪಕ್ಕದ ಕೌಂಟರಿನ ಗೆಳೆಯ. ಬಾಗಿಲು ತೆಗೆಯುವ ಹೊತ್ತಿಗೇ ಶಾಗ್ಯದ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದಳಂತೆ. ಗಂಡ ಕಾಮಗೆರೆ ಆಸ್ಪತ್ರೆಯಲ್ಲಿದ್ದ. ಕರುಳಿಗೆ ಗಂಟು ಬಿದ್ದಿದೆ, ಇವತ್ತೇ ಮೈಸೂರಿಗೆ ಒಯ್ದು ಆಪರೇಷನ್ ಮಾಡಿಸಿ ಎಂದಿದ್ದರು. ಕಾರಿಗೂ ದುಡ್ಡು ಬೇಕು, ಅಲ್ಲಿಗೂ ಬೇಕು. ದುಡ್ಡನ್ನು ನನ್ನ ಹೆಂಡತಿಗೆ ಕೊಡಿ ಎಂದು ಗಂಡ ಹೆಬ್ಬೆಟ್ಟೊತ್ತಿದ, ಡಾಕ್ಟರು ಸಾಕ್ಷಿ ಹಾಕಿದ ಕಾಗದವನ್ನೂ ತಂದಿದ್ದಳು.

ಗೆಳೆಯ ಠೇವಣಿ ಲೆಡ್ಜರ್ ತೆಗೆದರೆ ಕೆಂಪಕ್ಷರ.

"ಸಾಲ ಇದೆಯಲ್ಲಮ್ಮ."

"ಕಟ್ಟಿವ್ನಿ ಸಾ, ನೋಡಿ ಚೀಟಿ. ಒಂದು ಕಾಸೂ ಉಳುಸ್ಕಂಡಿಲ್ಲ."

ಚೀಟಿಯಲ್ಲಿ ಕಟ್ಟಿದ ಮೊತ್ತವಿತ್ತು, ಸಾಲ ಪೂರ್ತಿ ತೀರಿತೆಂದು ಇರಲಿಲ್ಲ. ಅದಿದ್ದದ್ದು ಸಾಲದ ಲೆಡ್ಜರಿನಲ್ಲಿ. ಲೆಡ್ಜರೂ ರಸೀದಿಯೂ ಬೀರುವಿನಲ್ಲಿ. ಅದರ ಇನ್ನೊಂದು ಬೀಗದ ಕೈ ಮ್ಯಾನೇಜರ ಹತ್ತಿರ, ಮ್ಯಾನೇಜರು ಮೀಟಿಂಗಿಗೆ ಬೆಂಗಳೂರಿಗೆ. ಅಕೌಂಟೆಂಟರು ಜವಾನನನ್ನು ನನ್ನ ಬಾಡಿಗೆ ಮನೆಗೆ ಓಡಿಸಿದ್ದರು. ಯಳಂದೂರಿಗೆ ಹೋದರೆಂದು ಪಕ್ಕದ ಮನೆಯವರು ಹೇಳಿದರಂತೆ, ಯಾರ ಮನೆ ಎಂದು ಅವರಿಗೂ ಗೊತ್ತಿಲ್ಲ. ಅಕೌಂಟೆಂಟರು ತಮ್ಮ ಜೇಬಿನಲ್ಲಿದ್ದ ಅರವತ್ತು ರೂಪಾಯಿ ಕೊಟ್ಟು, ಸೋಮವಾರ ಬಾ ತಾಯಿ ಎಂದರಂತೆ.

ನಾನು ಬಂದ ಸೋಮವಾರ ಬೀರು ತೆಗೆದೆ. ಲಕೋಟೆಯಲ್ಲಿ ರಸೀದಿ, ಅದರ ಬೆನ್ನಿಗೆ ಆ ಮನುಷ್ಯನ ಹೆಬ್ಬೆಟ್ಟು. ಶನಿವಾರ ಬೀರು ತೆರೆದಿದ್ದರೆ ಬೇರೇನೂ ಬೇಕಿರಲಿಲ್ಲ. ಅವಧಿಗೆ ಮುಂಚೆ ಮುರಿದದ್ದಕ್ಕೆ ಬಡ್ಡಿ ಕಡಿತ ಮಾಡಿ, ಹತ್ತು ಗಂಟೆಗೆಲ್ಲ ದುಡ್ಡು ಎಣಿಸಿ ಕೊಡಬಹುದಿತ್ತು. ಕೆಂಪಕ್ಷರದ ಮೇಲೆ ಗೆರೆ ಎಳೆದೆ. ಅಕೌಂಟೆಂಟರು ಸಹಿ ಹಾಕಿ ಲೆಡ್ಜರನ್ನು ನನ್ನತ್ತ ತಳ್ಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಅವತ್ತು ಬರಲಿಲ್ಲ. ಎರಡು ವಾರದ ಮೇಲೆ ಬಂದಳು. ಹಣೆ ಬರಿದಾಗಿತ್ತು. ಭಾನುವಾರ ಬೆಳಿಗ್ಗೆ ಕಾಮಗೆರೆಯಲ್ಲೇ ತೀರಿಕೊಂಡನಂತೆ.

"ಈಗ ಬುಟ್ಟದಾ ಸಾ, ಆ ದುಡ್ಡು?"

ಅಕೌಂಟೆಂಟರು ಕುರ್ಚಿ ಹಾಕಿಸಿ ಕೂರಿಸಿ ಹೇಳಿದರು. ಲೀನ್ ಹೋಗಿದೆ. ಆದರೆ ಠೇವಣಿ ಗಂಡನೊಬ್ಬನ ಹೆಸರಲ್ಲಿತ್ತು. ಅವನು ಸತ್ತ ಮೇಲೆ ಆ ಹೆಬ್ಬೆಟ್ಟೂ ನಡೆಯದು, ಆ ಕಾಗದವೂ ನಡೆಯದು. ವಾರಸುದಾರರೆಂದು ಕೋರ್ಟಿನಿಂದ ಪತ್ರ ತರಬೇಕು. ಅವಳಿಗೆ ಮಕ್ಕಳಿಲ್ಲ. ಮೈದುನರು ಆಗಲೇ ದುಡ್ಡು ನಮ್ಮದೆಂದು ವಕೀಲರನ್ನು ಹಿಡಿದಿದ್ದರು.

ಎಲ್ಲ ಕೇಳಿಸಿಕೊಂಡು ಎದ್ದಳು. ನನ್ನ ಮೇಜಿನ ಹತ್ತಿರ ನಿಂತಳು. ದುಡ್ಡು ಕಟ್ಟಿಸಿಕೊಂಡವನೆಂದು ನನ್ನ ಗುರುತು ಅವಳಿಗಿತ್ತು.

"ಅವತ್ತು ನೀವು ಇರ್ನಿಲ್ಲ ಸಾ. ಬೀಗದ ಕೈಯೋನು ಯಾವನೋ ತಕಂಡು ಊರ್ಗೆ ಒಂಟೋಗ್ಬುಟ್ಟಿದ್ನಂತೆ. ನೀವಿದ್ದಿದ್ರೆ ಕೊಟ್ಬುಡ್ತಿದ್ರಿ."

ಅಕೌಂಟೆಂಟರು ತಲೆಯೆತ್ತಿ ನನ್ನನ್ನು ನೋಡಿದರು. ಹೇಳು ಎಂದೋ, ಬೇಡ ಎಂದೋ, ತಿಳಿಯಲಿಲ್ಲ.

"ಹೂಂ ತಾಯಿ," ಅಂದೆ.

ಅವಳು ನನಗೆ ಕೈ ಮುಗಿದು ಹನೂರಿನ ಬಸ್ಸಿಗೆ ಹೋದಳು. ಮೂರು ವರ್ಷ ಕಳೆದು ನನಗೆ ವರ್ಗವಾದಾಗಲೂ ಆ ನಾಲ್ಕು ಸಾವಿರ ಅದೇ ಪುಟದಲ್ಲಿತ್ತು, ಯಾವ ಲೀನೂ ಇಲ್ಲದೆ.