ಬರೆಯದ ಒಂದು ಸಾಲು

ಅಣ್ಣನನ್ನು ಠಾಣೆಗೆ ಕರೆಸಿದ ಪ್ರತಿ ಸಲವೂ ನನ್ನ ಡೈರಿಯಲ್ಲಿ ಒಂದು ಗೀಟು ಎಳೆದಿದ್ದೇನೆ. ಒಟ್ಟು ಒಂಬತ್ತು ಗೀಟು. ಇವತ್ತಿಗೂ ಆ ಪುಟ ತೆರೆದರೆ ಮೈ ಉರಿಯುತ್ತದೆ.

ಜಗಳ ಆಗಿದ್ದು ಕಾಲುವೆ ನೀರಿನ ಸರದಿಗೆ. ಅಣ್ಣ ಗುದ್ದಲಿ ಕಾವಿನಿಂದ ಪಕ್ಕದ ಗದ್ದೆಯವನ ಕೈಗೆ ಒಂದೇಟು ಹಾಕಿದ. ಹಾಕಬಾರದಿತ್ತು. ನಮ್ಮೂರಲ್ಲಿ ಹಿರಿಯರ ಮುಂದೆ ಕೈಮುಗಿದು 'ತಪ್ಪಾಯ್ತು' ಅಂದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಗದ್ದೆಯವನು ದೂರು ಕೊಟ್ಟು ಕೇಸು ಮದ್ದೂರಿನ ಕೋರ್ಟಿಗೆ ಹೋಯಿತು; ಅಲ್ಲೂ ಅಣ್ಣ ಹಾಗೇ ಅಂದ. ದಂಡ ಹಾಕಿದರು, ಕಟ್ಟಿದ. ತೀರ್ಪಿನ ನಕಲು ಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಕೇಸಿನ ನಂಬರನ್ನು ಮಾತ್ರ ನಾನು ಬರೆದಿಟ್ಟುಕೊಂಡಿದ್ದೆ.

ಆರು ತಿಂಗಳಾದ ಮೇಲೆ ಗದ್ದೆಯವನು ಮತ್ತೆ ದೂರು ಕೊಟ್ಟ. ಅದೇ ದಿನ, ಅದೇ ಏಟು. ಈ ಸಲ 'ಆಯುಧದಿಂದ ಹೊಡೆದ' ಎಂದು. ಠಾಣೆಯಲ್ಲಿ ಹೊಸ ಎಫ್‌ಐಆರ್ ಆಯಿತು. ಕೋರ್ಟಿನಲ್ಲಿ ಮುಗಿದಿದೆ ಎಂದರೆ ಕಾಗದ ಎಲ್ಲಿ ಎಂದು ಕೇಳಿದರು. ಬೆಳಗ್ಗೆ ಬೆಂಚಿನ ಮೇಲೆ ಕೂರಿಸಿ ಸಂಜೆಗೆ ಕಳಿಸುತ್ತಿದ್ದರು. ಎಂಟನೆಯ ಸಲ ಬಿಳಿ ಹಾಳೆ ಕೊಟ್ಟು, ತಪ್ಪು ಮಾಡಿದ್ದೇನೆಂದು ಬರೆದುಕೊಡು, ಇಲ್ಲದಿದ್ದರೆ ಒಳಗೆ ಹಾಕುತ್ತೇವೆ ಎಂದರಂತೆ. ಮುಂದಿನ ಸಲ ಬರೆಯುತ್ತೇನೆಂದು ಹೇಳಿ ಅಣ್ಣ ಬಂದುಬಿಟ್ಟಿದ್ದ.

"ಬುಡು ಕಣವ್ವ, ತಪ್ಪಾಯ್ತು ಅಂತ ಬರ್ಕೊಟ್ಟು ಎದ್ ಬತ್ತೀನಿ," ಅಂದ ನನಗೆ.

ನನಗೆ ಅವನ ಮೇಲೂ ಕೋಪ ಬಂತು. ಮಾರನೆಯ ದಿನ ಅವನನ್ನು ಎಳೆದುಕೊಂಡು ಮದ್ದೂರಿನ ವಕೀಲೆಯೊಬ್ಬರ ಬಳಿ ಹೋದೆ. ಡೈರಿಯಲ್ಲಿದ್ದ ನಂಬರು ನೋಡಿ ಅವರು ನಕಲಿಗೆ ಅರ್ಜಿ ಹಾಕಿಸಿದರು. ಆಮೇಲೆ ಅಣ್ಣನ ಕಡೆ ತಿರುಗಿದರು.

"ನೋಡಪ್ಪ, ಆ ಏಟಿಗೆ ನಿನಗೆ ಶಿಕ್ಷೆ ಆಗಿದೆ. ಸೆಕ್ಷನ್ ಬದಲಾಯಿಸಿ ಅದೇ ಏಟಿಗೆ ಇನ್ನೊಂದ್ ಸಲ ವಿಚಾರಣೆ ನಡೆಸೋ ಹಾಗಿಲ್ಲ. ಕರೆದ್ರೆ ಹೋಗು, ಹೆಸರು ವಿಳಾಸ ಹೇಳು. ಆದ್ರೆ ಆರೋಪಿ ಕೈಯಲ್ಲೇ ಅವನ ವಿರುದ್ಧ ಬಲವಂತವಾಗಿ ಸಾಕ್ಷಿ ಬರೆಸೋಕೆ ಯಾರಿಗೂ ಅಧಿಕಾರ ಇಲ್ಲ. ಸಂವಿಧಾನದಲ್ಲೇ ಇದೆ."

ಹೊಡೆದದ್ದು ನಿಜ ತಾನೇ, ಬರೆದರೇನು ಎಂದು ಅಣ್ಣ ಕೇಳಿದ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ, ಆದರೆ ಆ ಹಾಳೆ ತೋರಿಸಿ ನಿನ್ನನ್ನು ಇನ್ನಷ್ಟು ದಿನ ಕುಣಿಸುತ್ತಾರೆ ಎಂದರು ವಕೀಲೆ.

ನಕಲು ಸಿಕ್ಕ ವಾರ ಒಂಬತ್ತನೆಯ ಕರೆ ಬಂತು. ನಾನೂ ಹೋದೆ. ಮೇಜಿನ ಮೇಲೆ ಅದೇ ಬಿಳಿ ಹಾಳೆ, ಪೆನ್ನು.

"ಒಂದೇ ಸಾಲು ಕಣ್ಲಾ, ಗೀಚ್ಬುಟ್ಟು ಓಗು," ಅಂದರು ಸಬ್ ಇನ್ಸ್‌ಪೆಕ್ಟರು.

ಅಣ್ಣನ ಕೈ ಪೆನ್ನಿನವರೆಗೆ ಹೋಯಿತು. ತಪ್ಪಾಯ್ತು ಅನ್ನುವ ಅಭ್ಯಾಸಬಲ. ಅವನು ಪೆನ್ನನ್ನು ಪಕ್ಕಕ್ಕೆ ಸರಿಸಿ, ತೀರ್ಪಿನ ನಕಲನ್ನು ಹಾಳೆಯ ಮೇಲಿಟ್ಟ.

"ಬರ್ಯಾಕಿಲ್ಲ ಸಾ. ತಪ್ಪಾಯ್ತು ಅಂತ ಜಡ್ಜ್ ಸಾಹೇಬ್ರ ಮುಂದೆ ಒಂದ್ ಕಿತ ಏಳಿವ್ನಿ."

ಅವರು ಎರಡು ಸಲ ಓದಿದರು. ಆದರೂ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿಯೇ ಕಳಿಸಿದರು. ಆಮೇಲೆ ಕರೆ ಬರಲಿಲ್ಲ. ಪ್ರಕರಣ ಕೈಬಿಟ್ಟಿದ್ದಾರೆಂದು ವಕೀಲೆಯಿಂದ ತಿಳಿಯಿತು.

ಕೋರ್ಟು ಅಣ್ಣನನ್ನು ಶಿಕ್ಷಿಸಿದ್ದು ಒಂದು ಸಲ. ಬೆಂಚಿನ ಮೇಲೆ ಕಳೆದ ಆ ಒಂಬತ್ತು ದಿನಗಳನ್ನು ಶಿಕ್ಷೆ ಎಂದು ಯಾರೂ ಎಣಿಸಲಿಲ್ಲ. ಅದಕ್ಕೇ ನಾನು ಗೀಟುಗಳನ್ನು ಅಳಿಸಿಲ್ಲ.