‘ಕೆಲವರು’ ಎಂಬ ಒಬ್ಬಳು

ನೋಟೀಸು ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಬಹಳ ದಿನ ಬೀಗುತ್ತಿದ್ದೆ. ಕೆಲಸಕ್ಕೆ ಹೋಗುವ ಮೂವತ್ತೆರಡು ಹೆಂಗಸರು ಇರುವ ಹಾಸ್ಟೆಲಿಗೆ ಹನ್ನೊಂದು ವರ್ಷದಿಂದ ನಾನು ವಾರ್ಡನ್. ಬಾಯಲ್ಲಿ ಹೇಳಿದರೆ ಇವರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾರೆ. ಅದನ್ನೇ ದುಂಡಗೆ ಬರೆದು, ಕೆಳಗೆ ಮೊಹರು ಒತ್ತಿ, ಮೆಟ್ಟಿಲ ಬಳಿಯ ಹಲಗೆಗೆ ಅಂಟಿಸಿದರೆ ಮೂವತ್ತೆರಡು ಜನವೂ ಉಸಿರು ಬಿಡದೆ ಓದುತ್ತಾರೆ. ಆ ಹೆಮ್ಮೆಯಲ್ಲೇ ನಾನು ಬರೆದ ಒಂದು ಪದ ಒಬ್ಬ ಹೆಂಗಸಿನ ತಲೆ ತಗ್ಗಿಸಿತು.

ಆಕೆ ಹದಿನಾಲ್ಕನೇ ರೂಮಿನವಳು. ದೊಡ್ಡ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ಕಾವಲಿನ ಕೆಲಸ. ಎಲ್ಲರೂ ಸೆಕ್ಯೂರಿಟಿ ಅಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತರ ಮೇಲೆ. ದಿನಕ್ಕೆ ಹತ್ತು ಹನ್ನೊಂದು ಗಂಟೆ ನಿಂತೇ ಇರಬೇಕು, ಕರಿ ಬೂಟು ಕಡ್ಡಾಯ. ನಿಂತು ನಿಂತು ಎಷ್ಟು ರೂಢಿಯಾಗಿತ್ತೆಂದರೆ ಊಟದ ಕೋಣೆಯಲ್ಲಿ ಕುರ್ಚಿ ಖಾಲಿಯಿದ್ದರೂ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿರುತ್ತಿದ್ದಳು. ನಿದ್ದೆಯಲ್ಲಿ ‘ಬ್ಯಾಗ್ ಇಲ್ಲಿಡಿ, ಟೋಕನ್ ತಗೊಳ್ಳಿ’ ಎಂದು ಗೊಣಗುತ್ತಾಳೆಂದು ಪಕ್ಕದ ರೂಮಿನ ಹುಡುಗಿಯರು ನಗುತ್ತಿದ್ದರು. ಆಕೆಯೂ ಜೊತೆಗೆ ನಗುತ್ತಿದ್ದಳು. ಜಗಳಕ್ಕೆ ಬಂದವಳಲ್ಲ, ದೂರು ಹೇಳಿದವಳಲ್ಲ. ಇಂಥವರನ್ನು ನಾವು ಒಳ್ಳೆಯವರು ಎನ್ನುತ್ತೇವೆ, ಆಮೇಲೆ ಮರೆತುಬಿಡುತ್ತೇವೆ.

ಆ ಬೂಟುಗಳನ್ನು ಆಕೆ ನೋಡಿಕೊಳ್ಳುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಬಂದವಳೇ ಅಂಗಳದ ಮೆಟ್ಟಿಲ ಮೇಲೆ ಕೂತು ಲೇಸು ಪೂರ್ತಿ ಸಡಿಲಿಸುತ್ತಿದ್ದಳು. ಒಳಗಿನ ಅಟ್ಟೆಯನ್ನು ಎಳೆದು ಹೊರಗಿಡುತ್ತಿದ್ದಳು. ಹಳೇ ಪೇಪರು ಉಂಡೆ ಮಾಡಿ ತುದಿಯವರೆಗೆ ತುರುಕಿ, ಬಾಯಿ ಅಗಲಿಸಿ, ಆಮೇಲೆ ಸ್ಟ್ಯಾಂಡಿನಲ್ಲಿ ತನ್ನ ಹದಿನಾಲ್ಕನೇ ಖಾನೆಗೆ ಇಡುತ್ತಿದ್ದಳು. ಕಾಲುಚೀಲ ಅವತ್ತಿನದು ಅವತ್ತೇ ಒಗೆದು ಒಣಹಾಕುತ್ತಿದ್ದಳು. ಭಾನುವಾರ ಬೂಟುಗಳಿಗೆ ಬಿಸಿಲು. ಆಫೀಸಿನ ಕಿಟಕಿಯಿಂದ ಇದನ್ನೆಲ್ಲ ದಿನವೂ ನೋಡುತ್ತಿದ್ದೆ. ನೋಡಿಯೂ ಬರೆದೆ. ನನ್ನನ್ನು ಈಗಲೂ ಚುಚ್ಚುವುದು ಅದೇ.

ಬೇಸಿಗೆ ಕಾದ ಬಾಣಲೆಯಂತಿದ್ದ ದಿನಗಳು. ಮೆಟ್ಟಿಲ ಕೆಳಗೆ ಚಪ್ಪಲಿ ಸ್ಟ್ಯಾಂಡು, ಅದಕ್ಕೆ ಅಂಟಿಕೊಂಡಂತೆ ನೆಲಮಹಡಿಯ ಮೂರು ಬಾತ್‌ರೂಮು. ಅಲ್ಲೊಂದು ಕೆಟ್ಟ ವಾಸನೆ ಶುರುವಾಯಿತು. ಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ಇಡೀ ದಿನ. ಟೈಲರ್ ಹುಡುಗಿ ಮೂಗು ಮುಚ್ಚಿಕೊಂಡೇ ಚಪ್ಪಲಿ ಹಾಕಿಕೊಳ್ಳತೊಡಗಿದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿಯಂತೂ ಆಫೀಸಿಗೇ ಬಂದಳು.

“ಮೇಡಂ, ಆ ಬೂಟುಗಳು ಮೇಡಂ. ಬೇರೆ ಏನಿರುತ್ತೆ ಅಲ್ಲಿ?”

ನನಗೂ ಹಾಗೇ ಅನಿಸಿತು. ಹೋಗಿ ಬಗ್ಗಿ ಮೂಸಿ ನೋಡಲಿಲ್ಲ. ಬೂಟು ಎಂದರೆ ವಾಸನೆ, ಇದರಲ್ಲಿ ಯೋಚಿಸುವುದೇನಿದೆ ಎಂದು ಪೆನ್ನು ತೆಗೆದೆ. ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಹೋಗಬಾರದು. ಸ್ನಾನವಾದ ಮೇಲೆ ಜಾಲರಿಯಲ್ಲಿ ಸಿಕ್ಕಿದ ಕೂದಲು ತೆಗೆಯಬೇಕು. ಬಾತ್‌ರೂಮಿನ ಕಿಟಕಿ ತೆರೆದಿರಬೇಕು. ಒದ್ದೆ ಚಪ್ಪಲಿ, ಶೂಗಳನ್ನು ಒಣಗಿಸಿಯೇ ಸ್ಟ್ಯಾಂಡಿಗೆ ಇಡಬೇಕು. ಇಲ್ಲಿಗೆ ನಿಲ್ಲಿಸಿದ್ದರೆ ಅದು ಒಳ್ಳೆಯ ನೋಟೀಸು. ನಿಲ್ಲಿಸಲಿಲ್ಲ. ಕೊನೆಗೆ ಇಷ್ಟು ಸೇರಿಸಿದೆ:

‘ಕೆಲವರ ಬೂಟುಗಳಿಂದ ತೀವ್ರ ದುರ್ವಾಸನೆ ಬರುತ್ತಿರುವುದು ಗಮನಕ್ಕೆ ಬಂದಿದೆ. ಅಂಥವರು ತಮ್ಮ ಬೂಟುಗಳನ್ನು ತಮ್ಮ ಕೊಠಡಿಯಲ್ಲೇ ಇಟ್ಟುಕೊಳ್ಳತಕ್ಕದ್ದು.’

‘ಕೆಲವರು’ ಎಂದದ್ದು ಮರ್ಯಾದೆ ಉಳಿಸಲು ಎಂದು ನನಗೆ ನಾನೇ ಹೇಳಿಕೊಂಡೆ. ಇಡೀ ಹಾಸ್ಟೆಲಿನಲ್ಲಿ ಬೂಟು ಹಾಕುತ್ತಿದ್ದವಳು ಒಬ್ಬಳೇ.

ಅವತ್ತು ಸಂಜೆ ಆಕೆ ಹಲಗೆಯ ಮುಂದೆ ನಿಂತು ಓದಿದಳು. ಎರಡು ಸಲ ಓದಿದಳೆಂದು ಕಾಣುತ್ತದೆ. ನನ್ನ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಬೂಟುಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮೇಲೆ ಹೋದಳು. ಮರುದಿನ ಅವು ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಊಟಕ್ಕೆ ಎಲ್ಲರೂ ಎದ್ದ ಮೇಲೆ ಬರತೊಡಗಿದಳು. ಯಾರಾದರೂ ಪಕ್ಕ ಬಂದರೆ ಕಾಲನ್ನು ಸೀರೆಯಂಚಿನೊಳಗೆ ಎಳೆದುಕೊಳ್ಳುತ್ತಿದ್ದಳು. ನೋಟೀಸು ಕೆಲಸ ಮಾಡಿದೆ ಎಂದು ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಆಕೆಯ ತಂಗಿ ಬಂದಳು. ತಿಂಗಳಿಗೊಂದು ಸಲ ಬಂದು ಅಂಗಳದಲ್ಲಿ ಕೂತು ಹರಟಿ ಹೋಗುವವಳು, ಬಾಯಿ ಜೋರು. ಅಕ್ಕ ಇಳಿದು ಬರುವವರೆಗೆ ಹಲಗೆ ಓದುತ್ತಾ ನಿಂತಿದ್ದಳು.

“ಅಕ್ಕಾ, ಯಾರೇ ಅದು ನಾರೋ ಬೂಟಿನವಳು? ಅಂಥವಳ ಜೊತೆ ಹೇಗೆ ಇದೀಯೇ?” ಎಂದು ನಕ್ಕಳು.

“ಯಾರೋ ಇದಾರೆ ಬಿಡು,” ಎಂದಳು ಅಕ್ಕ. “ಬಾ, ಹೊರಗೆ ಕೂರೋಣ.”

ಆಫೀಸಿನ ಕಿಟಕಿಯ ಈಚೆ ಕೂತು ಅದನ್ನು ಕೇಳಿಸಿಕೊಂಡೆ. ಎದ್ದು ಹೋಗಿ ಆ ಕೊನೆಯ ಸಾಲು ಹರಿದು ಹಾಕಬಹುದಿತ್ತು. ಮಾಡಲಿಲ್ಲ. ಬರೆದದ್ದನ್ನು ಹರಿದರೆ ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ ಎಂಬ ಜಂಬ.

ಹತ್ತು ದಿನ ಕಳೆದರೂ ವಾಸನೆ ಹೋಗಲಿಲ್ಲ. ಹದಿನಾಲ್ಕನೇ ಖಾನೆ ಖಾಲಿ, ವಾಸನೆ ಮಾತ್ರ ಭರ್ತಿ. ಆಗಲಾದರೂ ಬುದ್ಧಿ ಬರಬೇಕಿತ್ತಲ್ಲ? ಇವಳೇ ಕದ್ದುಮುಚ್ಚಿ ಬೂಟು ತಂದಿಡುತ್ತಿರಬೇಕು ಎಂದುಕೊಂಡು ದಡದಡನೆ ಮೇಲೆ ಹೋದೆ. ಅವತ್ತು ಆಕೆಗೆ ವಾರದ ರಜೆ. ಮಂಚದ ಮೇಲೆ ಕೂತು ಅಂಗಾಲು ಒತ್ತಿಕೊಳ್ಳುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಬೂಟುಗಳು, ಒಂದರ ಮೇಲೊಂದು ಎರಡು ಕವರು, ಬಾಯಿಗೆ ಎರಡೆರಡು ಗಂಟು.

ಆಕೆ ಎದ್ದು ನಿಂತಳು. ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಲ್ಲುವ ಹಾಗೇ, ನೆಟ್ಟಗೆ.

“ಕೆಳಗೆ ಇಟ್ಟಿಲ್ಲ ಮೇಡಂ. ಇಲ್ಲೇ ಇದೆ. ಬಿಚ್ಚಿ ತೋರಿಸ್ಲಾ?”

“ಬೇಡ, ಬೇಡ,” ಎಂದು ಇಳಿದು ಬಂದೆ.

ಮೆಟ್ಟಿಲು ಒರೆಸುತ್ತಿದ್ದ ಕೆಲಸದ ಮುದುಕಿ ನನ್ನ ಮುಖ ನೋಡಿ ಬಟ್ಟೆ ಕೆಳಗಿಟ್ಟಳು.

“ಏನಮ್ಮಾ, ಇನ್ನೂ ವಾಸ್ನೆ ಹುಡುಕ್ತಾ ಇದೀರಾ? ಮೂರನೇ ಬಾತ್‌ರೂಮಿನ ಬೀಗದ ಕೈ ಕೊಡಿ ಅಂತ ಅವತ್ತೇ ಕೇಳಿದ್ನಲ್ಲಾ.”

ಕೇಳಿದ್ದಳು. ಮೂರನೆಯದರ ನಲ್ಲಿ ಸೋರುತ್ತಿತ್ತೆಂದು ಅದಕ್ಕೆ ನೀರು ಬರುವುದನ್ನೇ ನಿಲ್ಲಿಸಿ, ಎರಡು ತಿಂಗಳ ಹಿಂದೆ ನಾನೇ ಬೀಗ ಜಡಿದಿದ್ದೆ. ಒಂದು ವಾರದ ಮೇಲೆ ಇವಳು ಬೀಗದ ಕೈ ಕೇಳಿದಾಗ, “ಯಾರೂ ಸ್ನಾನ ಮಾಡದ ಕಡೆ ಏನು ತೊಳೀತೀಯ? ಮೊದಲು ಇರೋದನ್ನ ತೊಳಿ” ಎಂದು ಸಿಡುಕಿದ್ದೆ.

ಬೀಗ ತೆಗೆದ ಕೂಡಲೇ ವಾಸನೆ ಮುಖಕ್ಕೆ ರಾಚಿತು. ನೆಲ ಹಪ್ಪಳದ ಹಾಗೆ ಒಣಗಿತ್ತು. ಮುದುಕಿ ಸೆರಗಿನಿಂದ ಮೂಗು ಮುಚ್ಚಿ ಮೂಲೆಯ ಜಾಲರಿ ಎತ್ತಿ ತೋರಿಸಿದಳು.

“ಇದರ ಕೆಳಗೆ ಪೈಪು ಬಗ್ಗಿರುತ್ತಮ್ಮಾ. ಆ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರ್ಬೇಕು. ಆ ನೀರೇ ಚರಂಡಿ ಗಾಳೀನ ಮೇಲಕ್ಕೆ ಬಿಡದ ಹಾಗೆ ತಡಿಯೋದು. ಯಾರೂ ನೀರು ಹಾಕದೆ ಈ ಬಿಸಿಲಿಗೆ ಆರಿಹೋಗಿದೆ. ನೀವು ಮೇಲೆ ಬೀಗ ಹಾಕಿದ್ರಿ, ಕೆಳಗಿನ ಬೀಗ ತೆರ್ಕೊಳ್ತು.”

“ನೋಟೀಸು ಹಾಕಿದಾಗ ಯಾಕೆ ಹೇಳಲಿಲ್ಲ?”

“ನಂಗೆಲ್ಲಿ ಓದೋಕೆ ಬರುತ್ತಮ್ಮಾ? ಇವತ್ತು ಟೈಲರ್ ಹುಡುಗಿ ಹೇಳಿದ್ಮೇಲೆ ಗೊತ್ತಾಯ್ತು, ಪಾಪ ಆ ಸೆಕ್ಯೂರಿಟಿಯವಳ ತಲೆಗೆ ಕಟ್ಟಿದೀರಿ ಅಂತ.”

ಎರಡು ಬಕೆಟ್ ನೀರು ಸುರಿದಳು, ಅಷ್ಟೇ. ಮೇಲೆ ಒಂದು ಚಮಚ ಅಡುಗೆ ಎಣ್ಣೆಯನ್ನೂ ಬಿಟ್ಟಳು, ನೀರು ಬೇಗ ಆರದಿರಲಿ ಎಂದು. ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ವಾಸನೆಯ ಸುಳಿವೇ ಇರಲಿಲ್ಲ. ಎರಡು ಬಕೆಟ್ ನೀರಿನಲ್ಲಿ ಮುಗಿಯುವ ಕೆಲಸಕ್ಕೆ ನಾನು ಒಬ್ಬ ಹೆಂಗಸನ್ನು ತಲೆ ತಗ್ಗಿಸುವಂತೆ ಮಾಡಿದ್ದೆ.

ಹಳೇ ನೋಟೀಸು ಕಿತ್ತು ಹೊಸದು ಅಂಟಿಸಿದೆ: ‘ದುರ್ವಾಸನೆಯ ಕಾರಣ ಪತ್ತೆಯಾಗಿದ್ದು, ಸರಿಪಡಿಸಲಾಗಿದೆ. ಕೆಲವರಿಗೆ ಉಂಟಾದ ಅನನುಕೂಲಕ್ಕೆ ವಿಷಾದಿಸಲಾಗಿದೆ.’ ಬರೆದಾದ ಮೇಲೆ ಮನಸ್ಸು ಹಗುರಾದಂತೆ ನಟಿಸಿದೆ.

ಮರುದಿನ ಸಂಜೆ ಆಕೆ ಆಫೀಸಿನ ಬಾಗಿಲಿಗೆ ಬಂದಳು. ಕೈಯಲ್ಲಿ ಕವರು.

“ಒಂದು ಮಾತು ಮೇಡಂ. ತಪ್ಪು ತಿಳ್ಕೋಬೇಡಿ.”

“ಹೇಳಮ್ಮಾ.”

“ಮೊದಲನೇದ್ರಲ್ಲಿ ಕೆಲವರು ಅಂತ ಬರೆದಾಗ ಯಾರು ಅಂತ ಎಲ್ಲರಿಗೂ ಗೊತ್ತಾಯ್ತು. ಇದರಲ್ಲಿ ಯಾರು ಏನು ಮಾಡಿದ್ರು ಅಂತ ಯಾರಿಗೂ ಗೊತ್ತಾಗಲ್ಲ.” ಕವರನ್ನು ಇನ್ನೊಂದು ಕೈಗೆ ದಾಟಿಸಿ ಹೇಳಿದಳು, “ನಿನ್ನೆ ಕೂಡ ಆ ಲ್ಯಾಬ್ ಹುಡುಗಿ ನನ್ನ ಹಿಂದೆ ಮೆಟ್ಟಿಲು ಹತ್ತಲಿಲ್ಲ. ನಾನು ಮೇಲೆ ಹೋಗೋವರೆಗೂ ಕೆಳಗೇ ನಿಂತಿದ್ಳು. ನನ್ನ ತಂಗಿ ಮುಂದಿನ ತಿಂಗಳು ಬರ್ತಾಳೆ. ಅವಳು ಬಂದ ಕೂಡಲೇ ಓದೋದೇ ಆ ಹಲಗೇನ.”

ದನಿ ಏರಿಸಿರಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ತಪ್ಪಿಸಿಕೊಳ್ಳಬಹುದಿತ್ತು. ಆಕೆ ಹೋದ ಮೇಲೆ ಹಾಳೆ ಎಳೆದುಕೊಂಡೆ. ‘ನಾನು’ ಎಂಬ ಪದವನ್ನು ಹನ್ನೊಂದು ವರ್ಷದಲ್ಲಿ ಒಂದು ನೋಟೀಸಿನಲ್ಲೂ ಬರೆದಿರಲಿಲ್ಲ. ಮೂರು ಹಾಳೆ ಹಾಳಾದವು.

‘ಮೂರನೇ ಬಾತ್‌ರೂಮಿಗೆ ಬೀಗ ಹಾಕಿದ್ದು ನಾನು. ವಾಸನೆ ಬಂದದ್ದು ಅಲ್ಲಿಂದ. ಹದಿನಾಲ್ಕನೇ ರೂಮಿನವರ ಬೂಟುಗಳಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ನೋಡದೆ, ಕೇಳದೆ ಅವರ ಮೇಲೆ ಬರೆದವಳು ನಾನು. ಅವರಲ್ಲಿ ಕ್ಷಮೆ ಕೇಳುತ್ತೇನೆ. ಬೂಟುಗಳು ಎಂದಿನಂತೆ ಸ್ಟ್ಯಾಂಡಿನಲ್ಲೇ ಇರಲಿ. – ವಾರ್ಡನ್.’ ಕೆಳಗೆ ಮೊಹರು.

ಎರಡನೆಯದನ್ನು ಕಿತ್ತು ಅದರ ಜಾಗಕ್ಕೆ ಇದನ್ನು ಅಂಟಿಸಿದೆ. ಲ್ಯಾಬ್ ಹುಡುಗಿ ಓದಿ, ನನ್ನ ಮುಖ ನೋಡಿ, ತಲೆ ಬಗ್ಗಿಸಿಕೊಂಡು ಹೋದಳು.

ಸೆಕ್ಯೂರಿಟಿ ಅಕ್ಕನ ಮುಂದಿನ ರಜೆಯ ದಿನ ಬೆಳಿಗ್ಗೆ ನೋಡಿದೆ. ಹದಿನಾಲ್ಕನೇ ಖಾನೆಯಲ್ಲಿ ಬೂಟುಗಳಿದ್ದವು. ನನಗಾದ ಸಂತೋಷ ಹೇಳತೀರದು. ಹತ್ತಿರ ಹೋದೆ. ಆ ಎರಡು ಕವರು ಹಾಗೇ ಇದ್ದವು, ಬಾಯಿಗೆ ಗಂಟು ಬಿಗಿದೇ ಇತ್ತು. ಆ ಗಂಟನ್ನು ಬಿಚ್ಚಿಸುವ ನೋಟೀಸು ನನಗೆ ಬರೆಯಲು ಬರುವುದಿಲ್ಲ.

ಅಲ್ಲೇ ಕೂತು ಉಗುರಿನಿಂದ ಗಂಟು ಬಿಡಿಸಿದೆ. ಆವತ್ತು ಮಾಡಬೇಕಿದ್ದುದನ್ನು ಈಗ ಮಾಡಿದೆ, ಬಗ್ಗಿ ಮೂಸಿದೆ. ವಾರಗಟ್ಟಲೆ ಬೆವರಿನೊಡನೆ ಗಾಳಿಯಿಲ್ಲದೆ ಕಟ್ಟಿಟ್ಟ ಬೂಟು. ಈಗ ನಿಜವಾಗಿಯೂ ವಾಸನೆ ಬರುತ್ತಿತ್ತು.

ಅಟ್ಟೆ ಎಳೆದು ಹೊರಗಿಟ್ಟೆ, ಲೇಸು ಸಡಿಲಿಸಿದೆ, ಬಾಯಿ ಅಗಲಿಸಿದೆ. ತುರುಕಲು ಹಳೇ ಪೇಪರು ಸಿಗಲಿಲ್ಲ. ಆಫೀಸಿನ ಮೇಜಿನ ಮೇಲೆ ಕಿತ್ತಿಟ್ಟಿದ್ದ ನನ್ನ ಮೊದಲ ನೋಟೀಸನ್ನೇ ಎರಡಾಗಿ ಹರಿದು, ಉಂಡೆ ಮಾಡಿ ಬೂಟುಗಳ ತುದಿಗೆ ತುರುಕಿ, ಎರಡನ್ನೂ ಅಂಗಳದ ಬಿಸಿಲಿಗೆ ಇಟ್ಟು, ಆಕೆ ಇಳಿದು ಬರುವವರೆಗೆ ಪಕ್ಕದಲ್ಲೇ ನಿಂತೆ.