ಗುರುವಾರವೇ ಕಟ್ಟಿದ ಬಾಡಿಗೆ

ಸಿಕಂದರಾಬಾದ್ ಬಳಿಯ ನಾಚಾರಂನ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಶಂಕ್ರಮ್ಮನ ನಾಲಿಗೆ ಖಾರ, ವ್ಯವಹಾರ ಚೊಕ್ಕ. ಸೇಡಂ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದವಳು ಹನ್ನೊಂದು ವರ್ಷದಿಂದ ಅದೇ ಬಾಡಿಗೆ ಮಳಿಗೆಯಲ್ಲಿ ತನ್ನ ಕಾಲ ಮೇಲೆ ನಿಂತಿದ್ದಳು. ನಾಳೆ ಕೊಡುತ್ತೇನೆ ಎಂದು ಯಾರಿಗೂ ಅಂದವಳಲ್ಲ. ಅಂಥವಳಿಗೆ ವಕೀಲರ ನೋಟಿಸು ಬರಬೇಕೇ!

ಮುದುಕ ಮಾಲೀಕರು ಹಾಸಿಗೆ ಹಿಡಿದ ಮೇಲೆ ಮಗ ವ್ಯವಹಾರ ನೋಡತೊಡಗಿದ್ದ. ಮೂರು ತಿಂಗಳ ಬಾಡಿಗೆ, ಇಪ್ಪತ್ತೇಳು ಸಾವಿರ, ಬೇಕಂತಲೇ ಉಳಿಸಿಕೊಂಡಿದ್ದೀರಿ. ಹದಿನೈದು ದಿನದಲ್ಲಿ ಕಟ್ಟಿ ಮಳಿಗೆ ಬಿಡಿ ಎಂದಿತ್ತು ಕಾಗದ. ಕೋರ್ಟು ಕಚೇರಿ ನಮಗ್ಯಾಕೆ, ಕೊಟ್ಟು ಕೈ ತೊಳೆದುಕೊಳ್ಳೋಣ ಎಂದ ಗಂಡ ಬೂದೆಪ್ಪ. ಶಂಕ್ರಮ್ಮನಿಗೆ ಮೈಯೆಲ್ಲ ಉರಿಯಿತು. ಎರಡನೇ ಸಲ ಕೊಟ್ಟರೆ ಮೊದಲು ಕೊಟ್ಟಿಲ್ಲ ಅಂತ ಒಪ್ಪಿಕೊಂಡಂತೆ ಅಲ್ಲವೇ?

ಸಿಕಂದರಾಬಾದಿನ ವಕೀಲೆ ಸ್ನೇಹಲತಾ ಬೀದರಿನವರು. ಅವರು ಹೇಳಿದಂತೆ ಶಂಕ್ರಮ್ಮ ಬಾಡಿಗೆ ಕರಾರು ಪತ್ರವನ್ನೂ ಬ್ಯಾಂಕು ಮುದ್ರೆ ಒತ್ತಿದ ಖಾತೆ ವಿವರವನ್ನೂ ಒಯ್ದಳು. ಹಾಳೆ ತಿರುವುತ್ತಿದ್ದ ಸ್ನೇಹಲತಾರ ಬೆರಳು ನಿಂತಿತು. ಎರಡು ಸಾವಿರದ ಇಪ್ಪತ್ತನಾಲ್ಕರ ಮಾರ್ಚ್, ನವೆಂಬರ್, ಇಪ್ಪತ್ತೈದರ ಆಗಸ್ಟ್ ತಿಂಗಳುಗಳಲ್ಲಿ ಬಾಡಿಗೆಯೇ ಹೋಗಿಲ್ಲ! ಅವರು ಮೆಲ್ಲಗೆ ತಲೆಯೆತ್ತಿ ನೋಡಿದರು.

ಶಂಕ್ರಮ್ಮ ತುಸು ನಾಚಿದಳು, ಆದರೆ ತಗ್ಗಲಿಲ್ಲ. "ಆ ಮೂರೂ ತಿಂಗಳು ಒಂದನೇ ತಾರೀಕು ಶುಕ್ರವಾರ ಬಂದಿತ್ರಿ ಮೇಡಂ. ಶುಕ್ರವಾರ ಮನಿ ಲಕ್ಷ್ಮೀನ ಹೊರಗ ಕಳಸ್ತಾರೇನ್ರಿ? ಹಿಂದಿನ ದಿನಾನ ಹಾಕೀನಿ."

ನೋಡಿದರೆ ಹೌದು. ಫೆಬ್ರವರಿ ಇಪ್ಪತ್ತೊಂಬತ್ತು, ಅಕ್ಟೋಬರ್ ಮೂವತ್ತೊಂದು, ಜುಲೈ ಮೂವತ್ತೊಂದು. ಆ ತಿಂಗಳುಗಳಲ್ಲಿ ಎರಡೆರಡು ಸಲ ಹಣ ಹೋಗಿತ್ತು. ಎರಡನೆಯದರ ಮುಂದೆ "ಮಾರ್ಚ್ ಬಾಡಿಗೆ", "ನವೆಂಬರ್ ಬಾಡಿಗೆ", "ಆಗಸ್ಟ್ ಬಾಡಿಗೆ" ಎಂದು ಮಗಳು ಗಂಗಾ ಫೋನಿನಲ್ಲಿ ಒತ್ತಿದ್ದು ಹಾಗೇ ಅಚ್ಚಾಗಿತ್ತು. ಮಾಲೀಕನ ಮಗ ಖಾಲಿ ತಿಂಗಳು ಎಣಿಸಿದ್ದ, ಅದರ ಹಿಂದಿನ ಸಾಲು ನೋಡುವ ತ್ರಾಸು ತೆಗೆದುಕೊಂಡಿರಲಿಲ್ಲ, ಪುಣ್ಯಾತ್ಮ.

ಸ್ನೇಹಲತಾ ಉತ್ತರ ಬರೆಸಿದರು. ಬಾಕಿ ಇದೆಯೆಂಬ ಆರೋಪವನ್ನು ನಮ್ಮ ಕಕ್ಷಿದಾರರು ಪೂರ್ತಿ ಅಲ್ಲಗಳೆಯುತ್ತಾರೆ; ಆ ಮೂರು ಬಾಡಿಗೆಗಳು ಒಂದು ದಿನ ಮೊದಲೇ ನಿಮ್ಮ ಕಕ್ಷಿದಾರರ ಖಾತೆಗೆ ಸೇರಿವೆ; ತಾರೀಕು, ಮೊತ್ತ, ವರ್ಗಾವಣೆ ಸಂಖ್ಯೆ ಕೆಳಗಿವೆ, ಬ್ಯಾಂಕ್ ವಿವರದ ಪ್ರತಿ ಲಗತ್ತಿಸಿದೆ; ನೋಟಿಸು ಹಿಂದಕ್ಕೆ ಪಡೆಯಿರಿ. ಲಕ್ಷ್ಮಿಯ ಮಾತು ಕಾಗದಕ್ಕೆ ಬೇಡ, ತಾರೀಕೇ ಸಾಕು ಎಂದರು. ಅದು ಎದುರು ವಕೀಲರಿಗೆ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು.

ವಾರದ ಮೇಲೆ ಮಾಲೀಕನ ಮಗ ಫೋನ್ ಮಾಡಿ, ತಪ್ಪಾಯಿತು, ಮರೆತುಬಿಡಿ ಎಂದು ತೆಲುಗಿನಲ್ಲಿ ಹೇಳಿ ನಕ್ಕ. ಶಂಕ್ರಮ್ಮ ನಗಲಿಲ್ಲ. ಕಾಗದದಲ್ಲಿ ಅಂದದ್ದನ್ನು ಕಾಗದದಲ್ಲೇ ತೆಗೆಯಬೇಕು ಎಂದು ಅವನದೇ ಭಾಷೆಯಲ್ಲಿ ಹೇಳಿ ಫೋನ್ ಇಟ್ಟಳು.

"ಅಷ್ಟ್ಯಾಕ ಬಿಗಿ ಹಿಡಿತಿ?" ಎಂದ ಬೂದೆಪ್ಪ.

"ನನ್ನ ಹೆಸರಿನ ಮಾತದು," ಎಂದಳು.

ನಾಲ್ಕು ದಿನಕ್ಕೆ ಮಾಲೀಕನ ಮಗ ತಾನೇ ಕಾಗದ ತಂದ. ನೋಟಿಸು ಹಿಂಪಡೆದಿದ್ದೇವೆ, ಇಂದಿನವರೆಗೆ ಬಾಡಿಗೆ ಬಾಕಿ ಏನೂ ಇಲ್ಲ ಎಂದಿತ್ತು. ಕೆಳಗೆ ಮುದುಕ ಮಾಲೀಕರ ಸಹಿ, ಅಂಕುಡೊಂಕು. ಅಪ್ಪನಿಗೆ ಕೈ ಏಳುವುದಿಲ್ಲ, ನಾನೇ ಹಾಕುತ್ತೇನೆ ಅಂದರೂ ಕೇಳಲಿಲ್ಲ, ಎಬ್ಬಿಸಿ ಕೂರಿಸು ಅಂದರು ಎಂದ ಮಗ. ನೋಟಿಸು ಬಂದ ದಿನ ಒಂದು ಹನಿ ಹಾಕದ ಶಂಕ್ರಮ್ಮ, ಆ ಸಹಿ ನೋಡಿ ಗಿರಾಕಿಗಳೆಲ್ಲರ ಎದುರು ಅತ್ತುಬಿಟ್ಟಳು.